ಪ್ರಿಫರೆನ್ಸ್ ಷೇರಿಗೆ ಎಷ್ಟು ಕೊಡಬಹುದು? ಬೆಲೆ ಕಟ್ಟುವ ಲೆಕ್ಕ

ಪರಿಚಯದವರೊಬ್ಬರು ಕಳೆದ ತಿಂಗಳು ಒಂದು ಚೀಟಿ ತಂದಿದ್ದರು. ‘ಶೇ 8ರ ಪ್ರಿಫರೆನ್ಸ್ ಷೇರು, ಮುಖಬೆಲೆ 100, ಮಾರುಕಟ್ಟೆಯಲ್ಲಿ 85’ ಎಂದು ಬರೆದು, ಕೆಳಗೆ 8ನ್ನು ಶೇ 10ರಿಂದ ಭಾಗಿಸಿ 80 ಎಂದು ಲೆಕ್ಕ ಹಾಕಿದ್ದರು. ‘ಐದು ರೂಪಾಯಿ ದುಬಾರಿ, ಬೇಡ ಅಲ್ವಾ?’ ಎಂದರು. ಪ್ರಿಫರೆನ್ಸ್ ಷೇರು ಎಂದರೆ ಸಾಮಾನ್ಯ ಷೇರಿನವರಿಗಿಂತ ಮೊದಲು ನಿಗದಿತ ಡಿವಿಡೆಂಡ್, ಅಂದರೆ ಲಾಭದ ಪಾಲು, ಸಿಗುವ ಷೇರು. ಅವರ ಭಾಗಾಕಾರ ಸರಿಯಾಗಿತ್ತು, ಸೂತ್ರ ಮಾತ್ರ ಬೇರೆ ಜಾತಿಯ ಪ್ರಿಫರೆನ್ಸ್ ಷೇರಿನದು.

ಆದ್ದರಿಂದ ಮೊದಲ ಕೆಲಸ ಷೇರಿನ ಷರತ್ತು ಓದುವುದು. ಕಂಪನಿ ಅಸಲನ್ನು ಯಾವತ್ತಾದರೂ ವಾಪಸು ಕೊಡಬೇಕೋ ಇಲ್ಲವೋ? ಕೊಡಬೇಕಿಲ್ಲದಿದ್ದರೆ ಅದು ಶಾಶ್ವತ ಷೇರು. ನಮ್ಮಲ್ಲಿ 2013ರ ಕಂಪನಿ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಕಂಪನಿಗಳು ಇಂಥದ್ದನ್ನು ಹೊರಡಿಸುವಂತಿಲ್ಲ, 20 ವರ್ಷದೊಳಗೆ ಹಣ ಹಿಂದಿರುಗಿಸಲೇಬೇಕು. ಶಾಶ್ವತ ಷೇರುಗಳು ಹೆಚ್ಚಾಗಿ ಕಾಣಸಿಗುವುದು ಅಮೆರಿಕದ ಬ್ಯಾಂಕುಗಳಲ್ಲಿ.

ಎರಡನೆಯದು ಡಿವಿಡೆಂಡ್. ಶೇ 8 ಎಂದರೆ ಮುಖಬೆಲೆಯ ಮೇಲೆ ಶೇ 8. ಷೇರನ್ನು 85ಕ್ಕೆ ಕೊಂಡರೂ 120ಕ್ಕೆ ಕೊಂಡರೂ ಕೈಗೆ ಬರುವುದು ವರ್ಷಕ್ಕೆ 8 ರೂಪಾಯಿಯೇ.

ಮೂರನೆಯದು ನಿಮಗೆ ಬೇಕಾದ ಪ್ರತಿಫಲದ ದರ. ಇದನ್ನು ಚೀಟಿಯಲ್ಲಿ ಯಾರೂ ಬರೆದುಕೊಡುವುದಿಲ್ಲ. ಅದೇ ಕಂಪನಿಯ ಬಾಂಡ್ ಎಷ್ಟು ಕೊಡುತ್ತಿದೆ ನೋಡಿ, ಅದಕ್ಕಿಂತ ಸ್ವಲ್ಪ ಹೆಚ್ಚು ಕೇಳಿ. ಕಂಪನಿ ಮುಳುಗಿದರೆ ಬಾಂಡಿನವರ ಸಾಲ ತೀರಿದ ಮೇಲಷ್ಟೇ ನಿಮ್ಮ ಸರದಿ. ಇಲ್ಲಿ ಶೇ 10 ಎಂದಿಟ್ಟುಕೊಳ್ಳೋಣ.

ಶಾಶ್ವತ ಷೇರಿನ ಲೆಕ್ಕ ಒಂದೇ ಸಾಲಿನದು. ವರ್ಷಕ್ಕೆ 8 ರೂಪಾಯಿ ಕೊನೆಯಿಲ್ಲದೆ ಬರುತ್ತಿದ್ದರೆ, 8 ÷ 0.10 = 80 ರೂಪಾಯಿ. ಮಾರುಕಟ್ಟೆ ಬೆಲೆ 85 ಇದ್ದರೆ ಅದನ್ನೇ ತಿರುಗಿಸಿ: 8 ÷ 85, ಅಂದರೆ ಶೇ 9.4. ನಮಗೆ ಬೇಕಾದ ಶೇ 10ಕ್ಕಿಂತ ಕಡಿಮೆ, ಬಿಡಬಹುದು.

ನನ್ನ ಪರಿಚಯದವರ ಷೇರು ಐದು ವರ್ಷದ ನಂತರ 100 ರೂಪಾಯಿ ವಾಪಸು ಕೊಡುವಂಥದ್ದು. ಅದಕ್ಕೆ ಒಂದೊಂದು ವರ್ಷದ ಹಣವನ್ನೂ ಬೇರೆಬೇರೆಯಾಗಿ ಇವತ್ತಿನ ಬೆಲೆಗೆ ಇಳಿಸಬೇಕು. ಮುಂದಿನ ವರ್ಷದ 8 ರೂಪಾಯಿಯನ್ನು 1.10ರಿಂದ ಒಮ್ಮೆ ಭಾಗಿಸಿದರೆ 7.27. ಎರಡನೇ ವರ್ಷದ್ದನ್ನು ಎರಡು ಸಲ ಭಾಗಿಸಿದರೆ 6.61. ಹೀಗೇ ಮುಂದುವರಿದರೆ 6.01, 5.46, 4.97. ಐದೂ ಸೇರಿ ಸುಮಾರು 30.33. ಕೊನೆಗೆ ಬರುವ 100 ರೂಪಾಯಿಯನ್ನು ಐದು ಸಲ ಭಾಗಿಸಿದರೆ 62.09. ಒಟ್ಟು 92.42. ಕಂಪ್ಯೂಟರಿನಲ್ಲಾದರೆ ಎಕ್ಸೆಲ್‌ನ ಒಂದು ಸಾಲು ಸಾಕು:

```
=PV(10%,5,-8,-100)
```

85ಕ್ಕೆ ಸಿಗುತ್ತಿರುವ ಷೇರಿನ ಬೆಲೆ 92.42! ಅವರು ದುಬಾರಿ ಎಂದು ಬಿಡಲು ಹೊರಟಿದ್ದು ಏಳು ರೂಪಾಯಿಗೂ ಹೆಚ್ಚು ಅಗ್ಗವಾಗಿತ್ತು. ಬೆಲೆಯ ಮೂರನೇ ಎರಡು ಭಾಗ ಬರುವುದೇ ಕೊನೆಯ ಆ 100 ರೂಪಾಯಿಯಿಂದ, ಅವರ ಸೂತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮಾರುಕಟ್ಟೆ ಬೆಲೆಯಿಂದ ಪ್ರತಿಫಲ ತಿಳಿಯಬೇಕಾದರೆ ಇಲ್ಲಿ ನೇರ ಭಾಗಾಕಾರ ನಡೆಯುವುದಿಲ್ಲ. ಬೇರೆಬೇರೆ ದರ ಹಾಕಿ, ಒಟ್ಟು 85 ಬರುವವರೆಗೆ ನೋಡಬೇಕು. ಶೇ 12 ಹಾಕಿದರೆ 85.58 ಬರುತ್ತದೆ, ಅಂದರೆ ನಿಜವಾದ ದರ ಶೇ 12ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಈ ಸಾಲು ಅದನ್ನೇ ಹುಡುಕಿ ಕೊಡುತ್ತದೆ:

```
=RATE(5,8,-85,100)
```

ಬಡ್ಡಿ ಏರಿದಾಗಲೂ ಎರಡರ ನಡೆ ಬೇರೆ. ನಿಮಗೆ ಬೇಕಾದ ದರ ಶೇ 10ರಿಂದ 11ಕ್ಕೆ ಹೋದರೆ ಶಾಶ್ವತ ಷೇರು 80ರಿಂದ 72.73ಕ್ಕೆ ಬೀಳುತ್ತದೆ. ಐದು ವರ್ಷದ್ದು 92.42ರಿಂದ 88.91ಕ್ಕೆ ಇಳಿದು ನಿಲ್ಲುತ್ತದೆ.

ಹಾಗಂತ ಇಷ್ಟಕ್ಕೇ ಷೇರು ಕೊಳ್ಳಲು ಓಡಬೇಡಿ. 55ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ಅಸಲು ವಾಪಸು ಕೊಡುವುದು ಡಿವಿಡೆಂಡಿಗೆ ಬಳಸಬಹುದಾದ ಲಾಭದಿಂದ, ಇಲ್ಲವೇ ಅದಕ್ಕೆಂದೇ ಹೊಸ ಷೇರು ಹೊರಡಿಸಿ ತಂದ ಹಣದಿಂದ ಮಾತ್ರ. ಎರಡೂ ಇಲ್ಲದ ಕಂಪನಿ ಗಡುವಿನ ದಿನ ಕೈಚೆಲ್ಲಬಹುದು, ಸಾಲ ಕೊಟ್ಟವರಂತೆ ನೀವು ಬೆನ್ನುಹತ್ತಿ ವಸೂಲು ಮಾಡುವುದು ಕಷ್ಟ. ಅದಕ್ಕೇ ನಾನು ಇನ್ನೊಂದು ಲೆಕ್ಕ ಹಾಕುತ್ತೇನೆ. 100 ರೂಪಾಯಿ ಎರಡು ವರ್ಷ ತಡವಾಗಿ ಬಂತು, ಆ ಎರಡು ವರ್ಷ ಡಿವಿಡೆಂಡೂ ಇಲ್ಲ ಎಂದುಕೊಂಡರೆ ಅಸಲಿನ ಇವತ್ತಿನ ಬೆಲೆ 51.32ಕ್ಕೆ ಇಳಿಯುತ್ತದೆ, ಷೇರಿನ ಬೆಲೆ ಸುಮಾರು 81.64ಕ್ಕೆ. ಆಗ 85 ನಿಜಕ್ಕೂ ದುಬಾರಿ.

ಅವರಿಗೆ ನಾನು ಹೇಳಿದ್ದು ಇಷ್ಟೇ: ಕಂಪನಿಯ ಬ್ಯಾಲೆನ್ಸ್ ಶೀಟ್ ತೆಗೆದು, ವಾಪಸು ಕೊಡಬೇಕಾದ ಒಟ್ಟು ಪ್ರಿಫರೆನ್ಸ್ ಬಂಡವಾಳದ ಪಕ್ಕದಲ್ಲಿ ಕೂಡಿಟ್ಟ ಲಾಭ ಎಷ್ಟಿದೆ ಎಂದು ಬರೆದುಕೊಂಡು ಬನ್ನಿ, ಆಮೇಲೆ 85ರ ಮಾತಾಡೋಣ.