ಮೂರು ತಿಂಗಳಲ್ಲಿ ಕ್ಲೌಡ್ ಪ್ರಾಕ್ಟೀಷನರ್: ನನಗೆ ದಾರಿ ತೋರಿಸಿದ್ದು ತಪ್ಪು ಉತ್ತರಗಳು

ನನ್ನ ಮನೆ ಹಾಸನದಲ್ಲಿ, ಕೆಲಸ ಚನ್ನರಾಯಪಟ್ಟಣದಲ್ಲಿ. ಬಿ.ಕಾಂ. ಮುಗಿಸಿ ಎರಡು ವರ್ಷ ಆಗಿತ್ತು. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಗೆ (CLF-C02) ಓದೋಕೆ ನನಗೆ ಸಿಕ್ಕಿದ್ದು ಬಸ್ಸಿನ ಸಮಯ, ರಾತ್ರಿ ಮುಕ್ಕಾಲು ಗಂಟೆ ಮತ್ತು ಭಾನುವಾರದ ಬೆಳಿಗ್ಗೆ, ಅಷ್ಟೇ.

ಮೊದಲ ತಿಂಗಳು ಬಸ್ಸಿನಲ್ಲಿ ವೀಡಿಯೊ ನೋಡಿದೆ, ರಾತ್ರಿ ನೋಟ್ಸ್ ಬರೆದೆ. ತಿಂಗಳ ಕೊನೆಯ ಭಾನುವಾರ ಗಡಿಯಾರ ಇಟ್ಟುಕೊಂಡು 90 ನಿಮಿಷದ ಮಾಕ್ ಟೆಸ್ಟ್ ಬರೆದೆ. 65ರಲ್ಲಿ 31 ಸರಿ. ಬೇಜಾರಾಯಿತು. ಆದರೆ ತಪ್ಪಾದವನ್ನು ವಿಷಯವಾರು ಬೇರೆ ಮಾಡಿದಾಗ ಚಿತ್ರ ಸ್ಪಷ್ಟವಾಯಿತು: ಸೆಕ್ಯುರಿಟಿಯ 20 ಪ್ರಶ್ನೆಗಳಲ್ಲಿ ಸರಿಯಾಗಿದ್ದು 7 ಮಾತ್ರ. ಪರೀಕ್ಷೆಯಲ್ಲಿ ಅದರ ಪಾಲು 30 ಶೇಕಡಾ, ಬಿಲ್ಲಿಂಗ್‌ದು ಬರೀ 12. ನಾನು ರಾತ್ರಿ ಜಾಸ್ತಿ ಕೂತಿದ್ದು ಬಿಲ್ಲಿಂಗ್‌ಗೆ!

ಹಾಗಾಗಿ ಎರಡನೇ ತಿಂಗಳಿನ ಪ್ಲಾನ್ ಬದಲಾಯಿಸಿದೆ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ತಪ್ಪಿಗೂ ಮೂರು ಸಾಲು: ಪ್ರಶ್ನೆ ಏನು, ನಾನು ಏನಂದುಕೊಂಡೆ, ಯಾಕೆ ತಪ್ಪು. ಒಂದು ವಾರ ಬರೆಯುವಷ್ಟರಲ್ಲಿ ಒಂದೇ ಗೊಂದಲ ಮತ್ತೆ ಮತ್ತೆ ಬರ್ತಿದೆ ಅಂತ ಕಂಡಿತು. ಯಾವ ಕೆಲಸ ಎಡಬ್ಲ್ಯೂಎಸ್‌ದು, ಯಾವುದು ನಮ್ಮದು? ಅದೇ ಶೇರ್ಡ್ ರೆಸ್ಪಾನ್ಸಿಬಿಲಿಟಿ.

ಉದಾಹರಣೆಗೆ, ಡೇಟಾಬೇಸ್ ಓಡುವ ಆಪರೇಟಿಂಗ್ ಸಿಸ್ಟಮ್‌ಗೆ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಹಾಕೋದು ಯಾರು? ನಾನು ಕಣ್ಣುಮುಚ್ಚಿ 'ಗ್ರಾಹಕ' ಅಂತ ಟಿಕ್ ಮಾಡ್ತಿದ್ದೆ. ಎಡಬ್ಲ್ಯೂಎಸ್‌ನಿಂದ ಬಾಡಿಗೆಗೆ ಪಡೆಯುವ ಸರ್ವರ್ ಆದ EC2 ಮೇಲೆ ನಾವೇ ಡೇಟಾಬೇಸ್ ಇನ್‌ಸ್ಟಾಲ್ ಮಾಡಿದ್ದರೆ ಅದು ಸರಿ. ಆದರೆ ಎಡಬ್ಲ್ಯೂಎಸ್ ತಾನೇ ನಡೆಸಿಕೊಡುವ ಡೇಟಾಬೇಸ್ ಸೇವೆ RDS ತಗೊಂಡರೆ ಪ್ಯಾಚ್ ಕೆಲಸ ಎಡಬ್ಲ್ಯೂಎಸ್‌ದು. ಎರಡರಲ್ಲೂ ಕಟ್ಟಡ, ಹಾರ್ಡ್‌ವೇರ್ ಅವರದು. ಡೇಟಾ ಮತ್ತು ಯಾರಿಗೆ ಪ್ರವೇಶ ಕೊಡಬೇಕು ಅನ್ನೋದು ನಮ್ಮದು. ಬಾಡಿಗೆ ಮನೆ ಥರ ನೋಡಿ: ಸೂರು ಸೋರಿದರೆ ಓನರ್ ರಿಪೇರಿ ಮಾಡಿಸಬೇಕು, ಬಾಗಿಲಿಗೆ ಬೀಗ ಹಾಕದೆ ಹೋದರೆ ತಪ್ಪು ನಮ್ಮದೇ ಅಲ್ವಾ. ಅಂದಿನಿಂದ ಪ್ರಶ್ನೆಯಲ್ಲಿ ಸೇವೆಯ ಹೆಸರು ಕಂಡ ಕೂಡಲೇ, ಇದರಲ್ಲಿ ಆಪರೇಟಿಂಗ್ ಸಿಸ್ಟಮ್ ನಮ್ಮ ಕೈಗೆ ಸಿಗುತ್ತಾ ಅಂತ ಮೊದಲು ಕೇಳಿಕೊಳ್ತಿದ್ದೆ. ಸಿಗೋದಾದರೆ ಪ್ಯಾಚ್ ನಮ್ಮ ಪಾಲು.

ಕೈಯಲ್ಲಿ ಮಾಡಿ ನೋಡೋದೂ ಇದೇ ತಿಂಗಳು. ಅಕೌಂಟ್ ತೆರೆದ ದಿನವೇ ಪೂರ್ತಿ ಅಧಿಕಾರ ಇರುವ ರೂಟ್ ಯೂಸರ್‌ಗೆ MFA, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ದೃಢೀಕರಣ, ಹಾಕಿ, ಬಜೆಟ್ ಅಲರ್ಟ್ ಇಟ್ಟುಕೊಳ್ಳಿ. EC2 ಮೆಷಿನ್ ನಿಲ್ಲಿಸಿದರೂ ಅದರ EBS ಡಿಸ್ಕ್‌ನ ಬಿಲ್ ನಿಲ್ಲಲ್ಲ, ಪ್ರಾಕ್ಟೀಸ್ ಮುಗಿದ ಮೇಲೆ ಎರಡನ್ನೂ ಡಿಲೀಟ್ ಮಾಡಿಬಿಡಿ.

ಮೂರನೇ ತಿಂಗಳು ಪ್ರತಿ ಭಾನುವಾರ ಹೊಸ ಮಾಕ್ ಟೆಸ್ಟ್, ವಾರವಿಡೀ ಅದರ ತಪ್ಪುಗಳು. ಅದೇ ಪೇಪರ್ ಮತ್ತೆ ಬರೆದರೆ ಉತ್ತರ ನೆನಪಿರುತ್ತೆ, ಸುಮ್ನೆ ಅಂಕ ಏರಿದ ಹಾಗೆ ಕಾಣುತ್ತೆ. ಮೂರು ಹೊಸ ಪೇಪರ್‌ಗಳಲ್ಲಿ 65ಕ್ಕೆ 50 ದಾಟಿದ ಮೇಲೆಯೇ ನಾನು ದಿನಾಂಕ ಬುಕ್ ಮಾಡಿದ್ದು. ಪಾಸಾಗೋಕೆ 1000ಕ್ಕೆ 700 ಬೇಕು, ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷಿನಲ್ಲಿ ಬರೆಯುವಾಗ 30 ನಿಮಿಷ ಹೆಚ್ಚು ಕೇಳಬಹುದು, ಆದರೆ ಅದನ್ನು ಪರೀಕ್ಷೆ ಬುಕ್ ಮಾಡುವ ಮೊದಲೇ ಕೇಳಿ ಪಡೆದಿರಬೇಕು.