ಮೂರೂ ಪಾಸ್ ಆದ ಮೇಲ್, ಆದರೂ ಮೋಸ: ಸಸ್ಪೆಂಡ್ ನೋಟಿಸ್‌ಗಳ ಜೊತೆ ನನ್ನ ಅನುಭವ

ದಾವಣಗೆರೆಯಲ್ಲಿ ಕೂತು ಹನ್ನೊಂದು ಅಂಗಡಿಗಳ ಫೇಸ್‌ಬುಕ್ ಪೇಜ್ ಮತ್ತು ಇನ್‌ಸ್ಟಾಗ್ರಾಂ ಖಾತೆ ನೋಡಿಕೊಳ್ಳುತ್ತೇನೆ. ಈ ಕೆಲಸದಲ್ಲಿ ಇರುವವರಿಗೆ ಗೊತ್ತು, ವಾರಕ್ಕೆ ಎರಡು ಮೂರು ಸಲವಾದರೂ ‘ನಿಮ್ಮ ಪೇಜ್ 24 ಗಂಟೆಯಲ್ಲಿ ಬಂದ್ ಆಗುತ್ತೆ’ ಅಂತ ಮೆಸೇಜ್ ಬರುತ್ತದೆ. ಯಾವುದು ನಿಜ, ಯಾವುದು ಮೋಸ ಅಂತ ಗುರುತಿಸಲು ನಾನೊಂದು ಪದ್ಧತಿ ಮಾಡಿಕೊಂಡಾಗ ಹುಬ್ಬಳ್ಳಿಯ ಗೆಳೆಯ ನಕ್ಕಿದ್ದ. ಅವನೂ ಇದೇ ಕೆಲಸ ಮಾಡುವವನು. “ಅಷ್ಟ್ಯಾಕ ಒದ್ದಾಡ್ತಿಯಲೇ? ಯಾರು ಕಳಿಸ್ಯಾರ ಅಂತ ಐಡಿ ನೋಡಿದ್ರ ಮುಗೀತು” ಅಂದ. ಆ ನಗು ಈಗ ನಿಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. 2023ರಲ್ಲಿ ಒಂದು ಸೀರೆ ಅಂಗಡಿಯ ಪೇಜ್ ಕಳೆದುಕೊಂಡೆ. ಸಪೋರ್ಟ್ ಟೀಮ್ ಅಂತ ಹೆಸರಿಟ್ಟುಕೊಂಡ ಯಾವುದೋ ಪೇಜ್‌ನಿಂದ ಮೆಸೆಂಜರ್‌ಗೆ ಒಂದು ಸಂದೇಶ ಬಂತು. ಕಾಪಿರೈಟ್ ದೂರು ಬಂದಿದೆ, ಇಲ್ಲಿ ಮೇಲ್ಮನವಿ ಹಾಕಿ ಅಂತ ಒಂದು ಲಿಂಕ್. ಅಂಗಡಿಯ ಹುಡುಗ ಜಾಣನೇ. ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದು ವಿಳಾಸ ನೋಡಿದ್ದಾನೆ. ಅದು ಹೀಗಿತ್ತು, ಕೊನೆಯ ವಿಳಾಸ ಮಾತ್ರ ಬದಲಿಸಿದ್ದೇನೆ:

```
https://l.facebook.com/l.php?u=https%3A%2F%2Fexample.com%2Fappeal
```

“ಅಣ್ಣ, facebook.com ಅಂತಾನೇ ಇತ್ತಲ್ವಾ” ಅಂದ ಆಮೇಲೆ. ಇತ್ತು, ಸುಳ್ಳಲ್ಲ. ಆದರೆ l.facebook.com ಅಂದರೆ ಬರೀ ಹೊರಗೆ ಕಳಿಸುವ ಬಾಗಿಲು. ಫೇಸ್‌ಬುಕ್ಕಿನ ಒಳಗೆ ಹಾಕಿದ ಹೊರಗಿನ ಲಿಂಕ್‌ಗಳು ಆ ಬಾಗಿಲಿಂದಲೇ ಹೋಗುತ್ತವೆ. ಎಲ್ಲಿಗೆ ಹೋಗುತ್ತವೆ ಅನ್ನುವುದು `u=` ಆದ ಮೇಲೆ ಇರುತ್ತದೆ. ಹುಡುಗ ಪಾಸ್‌ವರ್ಡ್ ಹಾಕಿದ, ಫೋನಿಗೆ ಬಂದ ಕೋಡನ್ನೂ ಹಾಕಿದ. ಇಪ್ಪತ್ತು ನಿಮಿಷದಲ್ಲಿ ನಮ್ಮನ್ನೆಲ್ಲ ಅಡ್ಮಿನ್ ಪಟ್ಟಿಯಿಂದ ಕಿತ್ತು ಹಾಕಿದ್ದರು. ಜಾಹೀರಾತಿಗೆ ಮಾಲೀಕರ ಕ್ರೆಡಿಟ್ ಕಾರ್ಡ್ ಜೋಡಿಸಿದ್ದೆವು. ಕಾರ್ಡ್ ಬ್ಲಾಕ್ ಮಾಡಿಸುವಷ್ಟರಲ್ಲಿ ಸುಮಾರು 38,000 ರೂಪಾಯಿಯ ಜಾಹೀರಾತು ಓಡಿತ್ತು. ಯಾವುದೋ ದೇಶದ ಶೂ. ನಮ್ಮ ಇಳಕಲ್ ಸೀರೆ ಪೇಜಿನಲ್ಲಿ ಶೂ! 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಪೇಜ್ ಕೈಗೆ ಬರಲು ಎರಡು ತಿಂಗಳ ಹತ್ತಿರ ಹಿಡಿಯಿತು.

ಅವತ್ತಿಂದ ನಾನು ವಿಪರೀತ ಹುಷಾರಾದೆ. ಎಷ್ಟು ಅಂದರೆ, ‘ಕಾಪಿರೈಟ್’ ಅನ್ನುವ ಪದ ಕಂಡರೆ ಸಾಕು, ಡಿಲೀಟ್. ಎರಡನೇ ಸೋಲು ಅಲ್ಲಿಂದಲೇ ಬಂತು, ಇದನ್ನು ಜಾಸ್ತಿ ಜನ ಹೇಳಿಕೊಳ್ಳುವುದಿಲ್ಲ. ಮದುವೆ ಮಂಟಪದ ಅಲಂಕಾರ ಮಾಡುವವರ ಇನ್‌ಸ್ಟಾಗ್ರಾಂ ಖಾತೆ. ರೀಲ್‌ಗಳಿಗೆ ನಾನೇ ಸಿನಿಮಾ ಹಾಡು ಅಂಟಿಸುತ್ತಿದ್ದೆ. ಮೂರು ರೀಲ್ ತೆಗೆದಿದ್ದೇವೆ ಅಂತ ಬೇರೆ ಬೇರೆ ದಿನ ನೋಟಿಸ್ ಬಂದಿದ್ದವು. ಮೂರೂ ನಿಜವಾದವು. ಮೂರನ್ನೂ ಮೋಸ ಅಂತ ಅಳಿಸಿದೆ. ರೀಲ್ ಇದೆಯೋ ಇಲ್ಲವೋ ಅಂತಾದರೂ ನೋಡಬೇಕಿತ್ತು, ನೋಡಲಿಲ್ಲ. ದೀಪಾವಳಿ ಕಳೆದು ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ಖಾತೆ ಸಸ್ಪೆಂಡ್. ಮೇಲ್ಮನವಿ ಹಾಕಿ ವಾಪಸ್ ಬರಲು ಒಂಬತ್ತೋ ಹತ್ತೋ ದಿನ. ಮಾಲೀಕರು ನನ್ನ ಎರಡು ತಿಂಗಳ ಸಂಬಳ, 8,000 ಹಿಡಿದರು. ಹಿಡಿದಿದ್ದು ಸರಿಯೇ.

ಆ ಸಸ್ಪೆನ್ಷನ್ ಪರದೆಯಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಈ ತೀರ್ಮಾನ ಒಪ್ಪದಿದ್ದರೆ ಹೇಳಲು 180 ದಿನ ಇದೆ ಅಂತ ಬರೆದಿತ್ತು. ಮೋಸದವರು ಕೊಡುವುದು 24 ಗಂಟೆ, ತುಂಬಾ ಉದಾರಿಯಾದರೆ 48. ಅವರಿಗೆ ಅವಸರ ಯಾಕೆಂದರೆ ಅವರ ನಕಲಿ ಪುಟವೇ ಸಾಮಾನ್ಯವಾಗಿ ಜಾಸ್ತಿ ದಿನ ಬದುಕುವುದಿಲ್ಲ, ಯಾರಾದರೂ ದೂರು ಕೊಟ್ಟು ತೆಗೆಸುತ್ತಾರೆ.

ಈ ಎರಡು ಏಟು ತಿಂದ ಮೇಲೆ ನಾನು ಬಂದ ಮೆಸೇಜನ್ನು ಪರೀಕ್ಷೆ ಮಾಡುವುದನ್ನೇ ಬಿಟ್ಟೆ. ಮೆಸೇಜು ಏನು ಬೇಕಾದರೂ ಹೇಳಲಿ, ನಾನು ಕೇಳುವುದು ಖಾತೆಯನ್ನು. ಫೋನಿನಲ್ಲಿ ಆ ಮೆಸೇಜ್ ಮುಚ್ಚಿ, ಆ್ಯಪನ್ನು ಅದರ ಐಕಾನ್ ಒತ್ತಿಯೇ ತೆರೆಯುತ್ತೇನೆ. ಇನ್‌ಸ್ಟಾಗ್ರಾಂ ಆದರೆ ಸೆಟ್ಟಿಂಗ್ಸ್‌ನಲ್ಲಿ `Account Status`. ಫೇಸ್‌ಬುಕ್ ಆದರೆ `Support Inbox`. ಜಾಹೀರಾತು ಖಾತೆ ಸೇರಿದ್ದರೆ `Business Support Home`. ನಿಜವಾದ ನೋಟಿಸ್ ಆಗಿದ್ದರೆ ಅಲ್ಲಿ ಬರೀ ಬೆದರಿಕೆ ಇರುವುದಿಲ್ಲ. ಯಾವ ಪೋಸ್ಟ್, ಯಾವ ನಿಯಮ ಅಂತ ಇರುತ್ತದೆ, ಮೇಲ್ಮನವಿಯ ಬಟನ್ನೂ ಅಲ್ಲೇ ಇರುತ್ತದೆ. ಅಲ್ಲಿ ಏನೂ ಇಲ್ಲ ಅಂದರೆ ನಾನು ಏನೂ ಮಾಡುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಇನ್ನೊಂದು ಸಲ ನೋಡಿ, ಡೈರಿಯಲ್ಲಿ ಬರೆದು ಮುಗಿಸುತ್ತೇನೆ. ಖಾತೆ ಆಗಲೇ ಬಂದ್ ಆಗಿದ್ದರೆ ಲಾಗಿನ್ ಮಾಡಿದ ತಕ್ಷಣ ಪರದೆಯೇ ಹೇಳುತ್ತದೆ, ವಾಟ್ಸಾಪ್‌ನಲ್ಲೂ ಹಾಗೆಯೇ. ಬಂದ್ ಆಗಿದೆ ಅಂತ ಹೇಳುವ ಮೆಸೇಜನ್ನು ನೀವು ಅದೇ ಖಾತೆಯೊಳಗೆ ಕೂತು ಓದುತ್ತಿದ್ದೀರಿ ಅಂದರೆ, ಬಂದ್ ಆಗಿಲ್ಲ ತಾನೆ?

ಮೇಲ್ ಬಗ್ಗೆ ಅನುಮಾನ ಇದ್ದರೆ `Accounts Center`ನಲ್ಲಿ `Password and security` ಒಳಗೆ `Recent emails` ನೋಡಬಹುದು. ಕಂಪನಿ ಕಳಿಸಿದ ಸೆಕ್ಯುರಿಟಿ ಮೇಲ್‌ಗಳ ಪಟ್ಟಿ ಅದು. 14 ದಿನದ್ದು ಮಾತ್ರ ಸಿಗುತ್ತದೆ, ಆದ್ದರಿಂದ ಹಳೆಯ ಮೇಲ್ ಹಿಡಿದುಕೊಂಡು ಅಲ್ಲಿ ಹುಡುಕಬೇಡಿ.

ಇನ್ನು ಗೆಳೆಯನ ನಗು ನಿಂತ ಕಥೆ. ಹೋದ ವರ್ಷದ ಕೊನೆಗೆ ಬೇಕರಿಯೊಂದರ ಖಾತೆಗೆ ಒಂದು ಮೇಲ್ ಬಂತು. ಕಳಿಸಿದ ಐಡಿಯ ಕೊನೆಯಲ್ಲಿ facebookmail.com. ಇದು ಫೇಸ್‌ಬುಕ್ಕಿನ ಅಸಲಿ ಡೊಮೇನ್, ನಮಗೆಲ್ಲ ಗೊತ್ತಿರುವುದೇ. ನಾನು ಗೆಳೆಯನಿಗೆ ಕಳಿಸಿದೆ. ಅವನು ಜಿಮೇಲ್‌ನಲ್ಲಿ `Show original` ತೆರೆಸಿದ. ಕಳಿಸಿದ ಡೊಮೇನ್ ಅಸಲಿಯೇ ಅಂತ ನೋಡುವ ಪರೀಕ್ಷೆಗಳು SPF, DKIM, DMARC, ಮೂರೂ ಪಾಸ್. “ಮೂರೂ ಪಾಸ್ ಆಗ್ಯಾವಲೇ, ಇನ್ನೇನ್ ಬೇಕು? ಲಗೂನ ಫಾರ್ಮ್ ತುಂಬು” ಅಂದ.

ನಾನು ತುಂಬಲಿಲ್ಲ. ಆ್ಯಪ್ ತೆರೆದೆ. `Account Status` ಚೆನ್ನಾಗಿದೆ. `Business Support Home` ಚೆನ್ನಾಗಿದೆ. ಆದರೆ ಬಿಸಿನೆಸ್ ಸೆಟ್ಟಿಂಗ್ಸ್‌ನಲ್ಲಿ ಒಂದು ಹೊಸ ಪಾರ್ಟ್‌ನರ್ ಆಹ್ವಾನ ಕೂತಿತ್ತು. ಆಹ್ವಾನ ಕಳಿಸಿದ ಬಿಸಿನೆಸ್‌ನ ಹೆಸರು ಒಂದು ಉದ್ದ ವಾಕ್ಯ. ನಿಮ್ಮ ಪೇಜ್ ನಿಯಮ ಮುರಿದಿದೆ, ಇಲ್ಲಿ ಪರಿಶೀಲನೆ ಮಾಡಿಸಿ, ಪಕ್ಕದಲ್ಲೇ ಲಿಂಕ್. ಮೋಸದವನು ಒಂದು ಬಿಸಿನೆಸ್ ಖಾತೆ ತೆರೆದು, ಅದರ ಹೆಸರಿನ ಜಾಗದಲ್ಲೇ ಈ ಬೆದರಿಕೆ ತುಂಬಿ, ನಮಗೆ ಆಹ್ವಾನ ಕಳಿಸಿದ್ದ. ಆಹ್ವಾನದ ಮೇಲ್ ಕಳಿಸಿದ್ದು ನಿಜವಾಗಿಯೂ ಫೇಸ್‌ಬುಕ್ಕೇ. ಅದಕ್ಕೇ ಮೂರೂ ಪಾಸ್. ಆ ಮೂರು ಪರೀಕ್ಷೆಗಳು ಹೇಳುವುದು ಪತ್ರ ಯಾವ ಅಂಚೆ ಕಚೇರಿಯಿಂದ ಬಂತು ಅಂತ. ಒಳಗಿನ ಮಾತು ಯಾರದು ಅಂತ ಅವಕ್ಕೆ ಗೊತ್ತಾಗುವುದಿಲ್ಲ.

ಇಂಥ ಮೇಲ್ ಓದುವ ರೀತಿಯೇ ಬೇರೆ. ಬೇರೆಯವರು ತುಂಬಬಹುದಾದ ಹೆಸರನ್ನು ಮನಸ್ಸಿನಲ್ಲೇ ಅಳಿಸಿ ಉಳಿದದ್ದನ್ನು ಓದಿ. ಆ ಮೇಲ್‌ನಲ್ಲಿ ಉಳಿದದ್ದು ಇಷ್ಟು: ‘ಇಂಥವರು ನಿಮ್ಮನ್ನು ಪಾರ್ಟ್‌ನರ್ ಆಗಲು ಕರೆದಿದ್ದಾರೆ’. ಸಸ್ಪೆಂಡ್ ಅನ್ನುವ ಮಾತೇ ಇಲ್ಲ! ಆಹ್ವಾನವನ್ನು ಬೇಡ ಅಂತ ತಳ್ಳಿ, ಸ್ಕ್ರೀನ್‌ಶಾಟ್ ತೆಗೆದು ಹುಬ್ಬಳ್ಳಿಗೆ ಕಳಿಸಿದೆ. ಅರ್ಧ ಗಂಟೆ ಉತ್ತರ ಬರಲಿಲ್ಲ. ಆಮೇಲೆ ಬರೀ ಒಂದು ಥಂಬ್ಸ್ ಅಪ್. ಅವನ ಇಬ್ಬರು ಗ್ರಾಹಕರಿಗೂ ಅದೇ ವಾರ ಅಂಥದ್ದೇ ಬಂದಿತ್ತಂತೆ.

ನಡುವೆ ಒಂದೆರಡು ಕಿತಾಪತಿಯನ್ನೂ ಮಾಡಿದ್ದೇನೆ. ನಕಲಿ ಪುಟಕ್ಕೆ ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ, ಒಪ್ಪಿಕೊಂಡರೆ ಮೋಸ ಅನ್ನುವ ಉಪಾಯ ನಮ್ಮವರಲ್ಲಿ ಓಡಾಡುತ್ತಿದೆ. ಸಿಮ್ ಇಲ್ಲದ, ಯಾವ ಖಾತೆಯೂ ಇಲ್ಲದ ಹಳೆಯ ಫೋನಿನಲ್ಲಿ ಆರೇಳು ಪುಟಗಳ ಮೇಲೆ ಪ್ರಯತ್ನಿಸಿದೆ. ಹೆಚ್ಚಿನವು ಮೊದಲನೇ ಸಲ ಏನು ಹಾಕಿದರೂ ‘ತಪ್ಪು’ ಅಂದವು, ಎರಡನೇ ಸಲ ಒಪ್ಪಿದವು. ಎರಡು ಸಲ ಟೈಪ್ ಮಾಡಿಸಿಕೊಂಡರೆ ಸರಿಯಾದ ಪಾಸ್‌ವರ್ಡ್ ಸಿಗುತ್ತದೆ ಅಂತ ಅವರ ಲೆಕ್ಕ. ಒಂದು ಪುಟ ಎಷ್ಟು ಸಲ ಹಾಕಿದರೂ ಒಪ್ಪಲೇ ಇಲ್ಲ. ಬಹುಶಃ ಹಿಂದೆ ಕೂತವನು ಆಗಿಂದಾಗಲೇ ಅಸಲಿ ಸೈಟಿನಲ್ಲಿ ಹಾಕಿ ನೋಡುತ್ತಿದ್ದ. ಅಂದರೆ ‘ತಪ್ಪು ಅಂದಿತು, ಹಾಗಾದರೆ ಅಸಲಿ’ ಅಂತ ನಂಬಿದವನು ಮುಳುಗಿದ. ಈ ಉಪಾಯ ಬಿಟ್ಟುಬಿಡಿ.

ಇನ್ನೊಂದು, ಫೇಸ್‌ಬುಕ್ ಭಾಷೆಯನ್ನು ಕನ್ನಡಕ್ಕೆ ಬದಲಿಸಿದ್ದು. ಮೋಸದವರು ಕನ್ನಡದಲ್ಲಿ ಬರೆಯುವುದಿಲ್ಲ, ಅಸಲಿ ಮಾತ್ರ ಕನ್ನಡದಲ್ಲಿ ಬರುತ್ತದೆ ಅಂತ ನನ್ನ ಎಣಿಕೆ. ಅರ್ಧ ಫಲಿಸಿತು. ಮಾಮೂಲಿ ಮೇಲ್‌ಗಳು ಕನ್ನಡಕ್ಕೆ ತಿರುಗಿದವು, ಕೆಲವು ಇಂಗ್ಲಿಷಿನಲ್ಲೇ ಉಳಿದವು. ಆದ್ದರಿಂದ ಇಂಗ್ಲಿಷಿನಲ್ಲಿದೆ ಅಂದ ಮಾತ್ರಕ್ಕೆ ಮೋಸ ಅನ್ನುವಂತಿಲ್ಲ. ಮೂರು ವಾರ ಇಟ್ಟೆ. ಅಂಗಡಿ ಹುಡುಗರು ಬಟನ್‌ಗಳ ಹೆಸರು ತಿಳಿಯದೆ ದಿನಕ್ಕೆ ಹತ್ತು ಸಲ ಫೋನ್ ಮಾಡತೊಡಗಿದ ಮೇಲೆ ತೆಗೆದೆ. ಗ್ರಾಹಕರ ಖಾತೆಗೆ ಕೊಡುವ ಮೇಲ್ ಐಡಿಯಲ್ಲಿ ನಾನು ಒಂದು ಸಣ್ಣ ಗುರುತು ಇಟ್ಟಿರುತ್ತೇನೆ, ಅದು ಮೇಲ್ ತೆರೆಯುವ ಮೊದಲೇ ನನಗೆ ಮುಕ್ಕಾಲು ಉತ್ತರ ಕೊಡುತ್ತದೆ. ಅದೇನು ಅಂತ ಇಲ್ಲಿ ಹೇಳಲ್ಲ, ಹೇಳಿದರೆ ಕೆಲಸ ಮಾಡುವುದಿಲ್ಲ.

ದುಡ್ಡಿನ ವಿಷಯದಲ್ಲೂ ಬದಲಾಯಿಸಿದೆ. ಈಗ ಯಾವ ಜಾಹೀರಾತು ಖಾತೆಗೂ ಕಾರ್ಡ್ ಜೋಡಿಸುವುದಿಲ್ಲ. ಯುಪಿಐನಲ್ಲಿ ಮುಂಗಡ ಹಾಕಿ ಓಡಿಸುತ್ತೇನೆ, ಒಂದು ಸಲಕ್ಕೆ 2,000 ಮೀರದಂತೆ. ಖಾತೆ ಹೋದರೂ ಹೋಗುವುದು ಅಷ್ಟೇ.

ಡೈರಿ ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ನೆನಪಿನಿಂದ ಹೇಳುವುದಾದರೆ 170ರ ಹತ್ತಿರ ನೋಟಿಸ್ ಬಂದಿವೆ, ಅದರಲ್ಲಿ ನಿಜವಾದವು ಐದು. ಐದೂ ಆ್ಯಪಿನ ಒಳಗೇ ಸಿಕ್ಕವು, ಎಲ್ಲಕ್ಕೂ ಸಮಯಕ್ಕೆ ಮೇಲ್ಮನವಿ ಹಾಕಿದೆ. ನಾಲ್ಕು ಗೆದ್ದೆ. ಐದನೆಯದು ಮತ್ತೆ ಹಾಡಿನದ್ದೇ, ತಪ್ಪು ನಮ್ಮದೇ ಇತ್ತು, ಸುಮ್ನೆ ರೀಲ್ ಬಿಟ್ಟುಕೊಟ್ಟೆವು. ಸೀರೆ ಅಂಗಡಿಯ ಹುಡುಗ ಈಗ ಏನೇ ಬಂದರೂ ಎರಡು ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ಒಂದು ಮೆಸೇಜಿನದು, ಇನ್ನೊಂದು `Account Status`ನದು. ಮೊದಲನೆಯದನ್ನು ನಾನು ತೆರೆಯುವುದೇ ಇಲ್ಲ.