ಎರಡು ಶಾಖೆಯಲ್ಲಿಟ್ಟರೆ ಎರಡು ವಿಮೆ ಸಿಗಲ್ಲ

ಅಡಿಕೆ ದುಡ್ಡಲ್ಲಿ ತೀರ್ಥಹಳ್ಳಿ ಶಾಖೆಯಲ್ಲಿ 3 ಲಕ್ಷ, ಅದೇ ಬ್ಯಾಂಕಿನ ಸಾಗರ ಶಾಖೆಯಲ್ಲಿ 4 ಲಕ್ಷ ಎಫ್‌ಡಿ ಇಟ್ಟಿದ್ದೀರಿ ಅಂದುಕೊಳ್ಳಿ. ಬ್ಯಾಂಕ್ ಮುಳುಗಿದರೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ಠೇವಣಿ ವಿಮೆ ಕೊಡುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಶಾಖೆಗಳನ್ನೆಲ್ಲ ಕೂಡಿಸಿಯೇ ಲೆಕ್ಕ. ಉಳಿದ 2 ಲಕ್ಷ, ಅದರ ಮೇಲೆ ಬಡ್ಡಿ, ಬ್ಯಾಂಕಿನ ಆಸ್ತಿ ಮಾರಿದಾಗ ಬಂದರೆ ಬಂತು. ಆ 4 ಲಕ್ಷ ಬೇರೆ ಬ್ಯಾಂಕಿನಲ್ಲಿದ್ದರೆ ಎರಡಕ್ಕೂ ಪೂರ್ತಿ ರಕ್ಷಣೆ.

ಸರಿಯಾಗಿ 5 ಲಕ್ಷ ಇಡಬೇಡಿ, ಬಡ್ಡಿಗೂ ಜಾಗ ಬಿಡಿ. 4.80 ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 33,600 ಸೇರಿದರೇ ಮಿತಿ ದಾಟುತ್ತದೆ.

ಪಟ್ಟಣ ಸಹಕಾರಿ ಬ್ಯಾಂಕು, ಡಿಸಿಸಿ ಬ್ಯಾಂಕಿಗೆ ಈ ವಿಮೆ ಇದೆ. ನಮ್ಮೂರ ಸೊಸೈಟಿಯ ಠೇವಣಿಗೆ ಇಲ್ಲ, ಬಡ್ಡಿ ಎಷ್ಟೇ ಜಾಸ್ತಿ ಕೊಡಲಿ.